4ಜಿ ಇದ್ದರೂ ಕರೆ ಏಕೆ ಬರುವುದಿಲ್ಲ? ಫೋನಿನ ಒಳಮೆನುವಿನಲ್ಲಿ ಉತ್ತರ ಓದುವ ಬಗೆ

ಕಳೆದ ದೀಪಾವಳಿಗೆ ಸಾಗರದ ಬಳಿಯ ಹಳ್ಳಿಯಲ್ಲಿರುವ ಅತ್ತೆಯ ಮನೆಗೆ ಹೋಗಿದ್ದೆ. ಜಗುಲಿಯ ಮೇಲೆ ಕುಳಿತು ಅತ್ತೆ ಫೋನಿನಲ್ಲಿ ಅಡುಗೆಯ ವಿಡಿಯೊ ನೋಡುತ್ತಿದ್ದರು. ಚಿತ್ರ ಎಲ್ಲೂ ನಿಲ್ಲುತ್ತಿರಲಿಲ್ಲ, ಮೇಲೆ 4ಜಿ ಎಂದೂ ಇತ್ತು. ಅದೇ ಹೊತ್ತಿಗೆ ಬೆಂಗಳೂರಿನಿಂದ ಮಗಳು ಮೂರು ಬಾರಿ ಕರೆ ಮಾಡಿದ್ದಳು. ಮೂರು ಬಾರಿಯೂ ಅವಳಿಗೆ ಕೇಳಿಸಿದ್ದು ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂಬ ಧ್ವನಿಮುದ್ರಿಕೆ. ಕೊನೆಗೆ ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಬಂತು: ‘ಅಮ್ಮಾ, ಫೋನ್ ಏಕೆ ಆಫ್ ಮಾಡಿದ್ದೀಯಾ?’

“ವಿಡಿಯೊ ಬರುತ್ತದೆ, ಮಾತು ಮಾತ್ರ ಬರುವುದಿಲ್ಲ. ಇದೆಂಥ ನೆಟ್‌ವರ್ಕು ಮಾರಾಯ?” ಎಂದರು ಅತ್ತೆ.

ಇಂಟರ್‌ನೆಟ್ ಬರುವುದಕ್ಕೂ ಕರೆ ಬರುವುದಕ್ಕೂ ಒಂದೇ ನೆಟ್‌ವರ್ಕ್ ಸಾಕು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. 4ಜಿಯಲ್ಲಿ ಹಾಗಿಲ್ಲ. ಕರೆಗೆ ಇನ್ನೊಂದು ಪ್ರತ್ಯೇಕ ನೋಂದಣಿ ಆಗಬೇಕು. ಅದರ ಹೆಸರು ಐಎಂಎಸ್ ನೋಂದಣಿ. ಅದು ಆಗಿದೆಯೋ ಇಲ್ಲವೋ ಎಂಬುದನ್ನು ಪರದೆಯ ಮೇಲಿನ ಗೆರೆಗಳು ಹೇಳುವುದಿಲ್ಲ, ಆದರೆ ಫೋನಿನೊಳಗೆ ಅಡಗಿರುವ ಸರ್ವಿಸ್ ಮೆನು ಹೇಳುತ್ತದೆ. ಫೋನ್ ಯಾವ ಬ್ಯಾಂಡ್‌ನಲ್ಲಿ, ಎಷ್ಟು ಬಲದ ಸಂಕೇತ ಹಿಡಿದಿದೆ ಎಂಬುದೂ ಅದೇ ಮೆನುವಿನಲ್ಲಿ ಸಿಗುತ್ತದೆ. ಎರಡನ್ನೂ ಓದಿಕೊಂಡರೆ ತೊಂದರೆ ಸಂಕೇತದ್ದೋ ನೋಂದಣಿಯದ್ದೋ ಎಂದು ಬೇರ್ಪಡಿಸಬಹುದು. ದುರಸ್ತಿಯವರು ಮೊದಲು ಮಾಡುವುದೂ ಇದನ್ನೇ.

ರಸ್ತೆ ಇದೆ, ಅಂಚೆಯ ದಾಖಲೆಯಲ್ಲಿ ಹೆಸರಿಲ್ಲ

2ಜಿ ಮತ್ತು 3ಜಿ ಕಾಲದಲ್ಲಿ ಕರೆಗೆಂದೇ ಬೇರೆ ದಾರಿ ಇತ್ತು. ನೀವು ಮಾತನಾಡುವಷ್ಟು ಹೊತ್ತು ಒಂದು ಸಾಲು ನಿಮಗಾಗಿಯೇ ಮೀಸಲಾಗಿರುತ್ತಿತ್ತು. 4ಜಿ ಅಂದರೆ ಎಲ್‌ಟಿಇ ಬಂದಾಗ ಆ ದಾರಿಯನ್ನು ಅದರಲ್ಲಿ ಇಡಲೇ ಇಲ್ಲ. ಅಲ್ಲಿ ಹರಿಯುವುದು ಡೇಟಾ ಮಾತ್ರ. ಹಾಗಾಗಿ ಧ್ವನಿಯನ್ನೂ ಡೇಟಾದ ತುಣುಕುಗಳಾಗಿ ಕಳಿಸಬೇಕಾಯಿತು. ಹೀಗೆ ಎಲ್‌ಟಿಇ ಮೇಲೆ ಹೋಗುವ ಕರೆಯೇ ವೋಲ್ಟಿ.

ಆದರೆ ಧ್ವನಿಯ ತುಣುಕುಗಳನ್ನು ಯಾರಿಂದ ಯಾರಿಗೆ ತಲುಪಿಸಬೇಕು, ಯಾರ ಫೋನ್ ರಿಂಗಣಿಸಬೇಕು, ಯಾವಾಗ ಕರೆ ಮುಗಿಯಿತು ಎಂದೆಲ್ಲ ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ಆ ಕೆಲಸ ಮಾಡುವುದು ಕಂಪನಿಯ ಒಳಗಿರುವ ಐಎಂಎಸ್ ಎಂಬ ವ್ಯವಸ್ಥೆ. ಅದನ್ನು ಒಂದು ಅಂಚೆ ಕಚೇರಿ ಎಂದುಕೊಳ್ಳಿ. 4ಜಿ ಸಂಪರ್ಕ ಎಂದರೆ ನಿಮ್ಮ ಮನೆಯ ಬಾಗಿಲಿನವರೆಗೆ ರಸ್ತೆ ಇದೆ ಎಂದರ್ಥ. ನೀವು ಆ ರಸ್ತೆಯಲ್ಲಿ ಪೇಟೆಗೆ ಹೋಗಿ ಬರಬಹುದು, ಸಾಮಾನು ತರಬಹುದು. ಆದರೆ ಅಂಚೆ ಕಚೇರಿಯ ದಾಖಲೆಯಲ್ಲಿ ನಿಮ್ಮ ಹೆಸರು, ವಿಳಾಸ ಇಲ್ಲದಿದ್ದರೆ ರಸ್ತೆ ಎಷ್ಟೇ ಚೆನ್ನಾಗಿದ್ದರೂ ನಿಮಗೆ ಬಂದ ಕಾಗದ ಹಿಂದಕ್ಕೆ ಹೋಗುತ್ತದೆ. ಅತ್ತೆಯ ಫೋನಿಗೆ ಆಗಿದ್ದು ಅದೇ.

ಈ ದಾಖಲಾತಿ ನಡೆಯುವ ಕ್ರಮ ಹೀಗಿದೆ. ಫೋನ್ ಎಲ್‌ಟಿಇಗೆ ಸೇರಿದ ಮೇಲೆ, ನಾವು ಬಳಸುವ ಇಂಟರ್‌ನೆಟ್ ಸಂಪರ್ಕದ ಜೊತೆಗೆ `ims` ಎಂಬ ಹೆಸರಿನ ಎರಡನೆಯ ಸಂಪರ್ಕವೊಂದನ್ನು ತೆರೆಯುತ್ತದೆ. ಆ ದಾರಿಯಲ್ಲಿ ‘ನಾನು ಇಲ್ಲಿದ್ದೇನೆ, ನನ್ನನ್ನು ಸೇರಿಸಿಕೊಳ್ಳಿ’ ಎಂಬ ಕೋರಿಕೆ ಕಳಿಸುತ್ತದೆ. ಐಎಂಎಸ್ ಅದನ್ನು ಕೂಡಲೇ ಒಪ್ಪುವುದಿಲ್ಲ, ಒಂದು ಒಗಟು ಕೊಡುತ್ತದೆ. ಸಿಮ್‌ನೊಳಗೆ ಬಚ್ಚಿಟ್ಟ ಗುಟ್ಟಿನ ಕೀಲಿಯಿಂದ ಮಾತ್ರ ಆ ಒಗಟಿಗೆ ಸರಿಯಾದ ಉತ್ತರ ಹೇಳಲು ಸಾಧ್ಯ. ಉತ್ತರ ಸರಿಬಂದರೆ ಫೋನ್ ನೋಂದಾಯಿತ. ಇದಕ್ಕೆ ಅವಧಿಯೂ ಇದೆ. ಮುಗಿಯುವ ಮೊದಲು ಫೋನ್ ತಾನಾಗಿಯೇ ನವೀಕರಿಸಿಕೊಳ್ಳುತ್ತಿರಬೇಕು. ಇದೆಲ್ಲ ಕೆಲವೇ ಕ್ಷಣಗಳಲ್ಲಿ, ನಮಗೆ ಗೊತ್ತಾಗದಂತೆ ನಡೆದುಹೋಗುತ್ತದೆ.

ನೋಂದಣಿ ಆಗದಿದ್ದರೆ ಮುಂದೇನಾಗುತ್ತದೆ ಎಂಬುದು ಕಂಪನಿಯ ಮೇಲೆ ನಿಂತಿದೆ. 2ಜಿಯನ್ನೂ ನಡೆಸುತ್ತಿರುವ ಕಂಪನಿಯಾದರೆ, ಕರೆ ಬಂದ ಕ್ಷಣ ಫೋನ್ 4ಜಿಯನ್ನು ಬಿಟ್ಟು 2ಜಿಗೆ ಇಳಿಯುತ್ತದೆ. ಮಾತನಾಡುವಷ್ಟು ಹೊತ್ತು ಮೇಲೆ `E` ಅಥವಾ `G` ಎಂದು ಕಾಣಿಸಿಕೊಂಡು ಇಂಟರ್‌ನೆಟ್ ಸ್ತಬ್ಧವಾಗುತ್ತದೆ. ಜಿಯೊದಂತೆ 2016ರಲ್ಲಿ 4ಜಿಯಿಂದಲೇ ಸೇವೆ ಆರಂಭಿಸಿದ ಕಂಪನಿಗೆ ಇಳಿಯಲು ಕೆಳಗಿನ ಮೆಟ್ಟಿಲೇ ಇಲ್ಲ. ಅಲ್ಲಿ ನೋಂದಣಿ ಇಲ್ಲವೆಂದರೆ ಕರೆ ಇಲ್ಲ.

ಹೊರದೇಶದಲ್ಲಿರುವ ಕನ್ನಡಿಗರಿಗೂ ಇದು ಬಿಸಿ ಮುಟ್ಟಿಸಿದ ವಿಷಯ. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ 28ರಿಂದ ಟೆಲ್‌ಸ್ಟ್ರಾ ಮತ್ತು ಆಪ್ಟಸ್ 3ಜಿಯನ್ನು ಮುಚ್ಚಲಾರಂಭಿಸಿದಾಗ, ತುರ್ತು ಸಂಖ್ಯೆ 000ಕ್ಕೆ 4ಜಿ ಮೂಲಕ ಕರೆ ಮಾಡಲಾಗದ ಫೋನ್‌ಗಳನ್ನು ನೆಟ್‌ವರ್ಕ್‌ನಿಂದಲೇ ಹೊರಗಿಡಬೇಕಾಯಿತು. 4ಜಿ ಇದ್ದ ಮಾತ್ರಕ್ಕೆ ಆ ಫೋನ್ ಅಲ್ಲಿನ ಐಎಂಎಸ್‌ಗೆ ಸೇರುತ್ತದೆ ಎಂದೇನಿಲ್ಲ. ಪ್ರತಿ ಕಂಪನಿಗೂ ಬೇಕಾದ ಹೊಂದಾಣಿಕೆಗಳು ಫೋನಿನ ತಂತ್ರಾಂಶದಲ್ಲಿ ಮೊದಲೇ ಇರಬೇಕು. ಇಲ್ಲಿ ಕೊಂಡು ಅಲ್ಲಿಗೆ ಒಯ್ದ ಫೋನಿನಲ್ಲಿ ಅವು ಇಲ್ಲದೆ ಹೋಗಬಹುದು.

ಮೆನು ತೆರೆಯುವುದು

ಐಎಂಇಐ ಸಂಖ್ಯೆ ನೋಡಲು `*#06#` ಒತ್ತುವುದು ಎಲ್ಲರಿಗೂ ಗೊತ್ತು. ಸರ್ವಿಸ್ ಮೆನುವೂ ಅದೇ ಜಾತಿಯದು. ತಯಾರಕರು ತಮ್ಮ ಪರೀಕ್ಷಕರಿಗಾಗಿ ಇಟ್ಟಿರುವ ಪುಟ ಇದು. ತೆರೆದು ಓದಿದ ಮಾತ್ರಕ್ಕೆ ಫೋನಿಗೆ ಏನೂ ಆಗುವುದಿಲ್ಲ.

ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ, ಕರೆ ಮಾಡುವ ಕೀಲಿಮಣೆಯಲ್ಲಿ ಇದನ್ನು ಒತ್ತಬೇಕು:

```
*#*#4636#*#*
```

ಕೊನೆಯ ನಕ್ಷತ್ರ ಒತ್ತುತ್ತಿದ್ದಂತೆ ಪುಟ ತಾನಾಗಿಯೇ ತೆರೆದುಕೊಳ್ಳುತ್ತದೆ, ಹಸಿರು ಗುಂಡಿ ಒತ್ತಬೇಕಾಗಿಲ್ಲ. ಅದರಲ್ಲಿ `Phone information` ಎಂಬುದನ್ನು ಆರಿಸಿಕೊಳ್ಳಿ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ `*#0011#` ಒತ್ತಿದರೆ ಬ್ಯಾಂಡ್ ಮತ್ತು ಸಂಕೇತದ ವಿವರವಿರುವ ಪುಟ ಬರುತ್ತದೆ. ಐಫೋನಿನಲ್ಲಿ `*3001#12345#*` ಎಂದು ಬರೆದು ಕರೆಯ ಗುಂಡಿ ಒತ್ತಿದರೆ `Field Test` ತೆರೆಯುತ್ತದೆ. ಕೆಲವು ತಯಾರಕರು ಮತ್ತು ಕಂಪನಿಗಳು ಈ ಪುಟಗಳನ್ನು ಮುಚ್ಚಿರುವುದೂ ಉಂಟು. ಸಂಖ್ಯೆ ಒತ್ತಿದಾಗ ಏನೂ ಆಗದಿದ್ದರೆ ಆ ಫೋನಿನಲ್ಲಿ ದಾರಿ ಮುಚ್ಚಿದೆ ಎಂದು ತಿಳಿದುಕೊಳ್ಳಿ. ಮುಂದಿನ ವಿವರಣೆಯೆಲ್ಲ ಆಂಡ್ರಾಯ್ಡ್‌ನ 4636 ಪುಟವನ್ನು ಹಿಡಿದು ಬರೆದದ್ದು. ಐಎಂಎಸ್ ಮತ್ತು ಬ್ಯಾಂಡ್ ಎರಡೂ ಒಂದೇ ಕಡೆ ಸಿಗುವುದು ಅಲ್ಲಿಯೇ.

ಓದುವ ಮೊದಲು ಎರಡು ಎಚ್ಚರಿಕೆ. ಇವೆರಡನ್ನು ಮರೆತು ತಪ್ಪು ತೀರ್ಮಾನಕ್ಕೆ ಬಂದವರನ್ನು ನಾನು ಬಹಳ ಕಂಡಿದ್ದೇನೆ.

ಮೊದಲನೆಯದು ವೈಫೈ. ಐಎಂಎಸ್ ನೋಂದಣಿ ಟವರ್ ಮೂಲಕವೂ ಆಗಬಹುದು, ಮನೆಯ ವೈಫೈ ಮೂಲಕವೂ ಆಗಬಹುದು. ವೈಫೈ ಹಾಕಿಟ್ಟು ಪುಟ ನೋಡಿ ‘ನೋಂದಣಿ ಆಗಿದೆ, ಟವರ್ ಸರಿಯಿದೆ’ ಎಂದರೆ ಮೋಸ ಹೋದಂತೆ. ಟವರನ್ನು ಪರೀಕ್ಷಿಸುವಾಗ ವೈಫೈ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಪುಟವನ್ನು ಮತ್ತೆ ತೆರೆಯಿರಿ.

ಎರಡನೆಯದು ಸಿಮ್. ಎರಡು ಸಿಮ್ ಇರುವ ಫೋನಿನಲ್ಲಿ ಈ ಪುಟವೂ ಎರಡು ಇರುತ್ತದೆ. ಕೆಲವು ಕಡೆ ಬೇರೆ ಬೇರೆ ಸಾಲಾಗಿ, ಕೆಲವು ಕಡೆ ಮೇಲೆ `Phone 0`, `Phone 1` ಎಂದು ಆರಿಸಿಕೊಳ್ಳುವಂತೆ ಇರುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ `Phone 1` ಎಂದರೆ ಎರಡನೆಯ ಸಿಮ್. ಪುಟದಲ್ಲಿ ಕಾಣುವ ಕಂಪನಿಯ ಹೆಸರನ್ನು ನೋಡಿ, ತೊಂದರೆ ಇರುವ ಸಿಮ್‌ನದೇ ಪುಟ ಇದೆಂದು ಖಚಿತಪಡಿಸಿಕೊಂಡು ಮುಂದುವರಿಯಿರಿ.

ಐಎಂಎಸ್‌ನ ಐದು ಸಾಲುಗಳು

`Phone information` ಪುಟದ ಮೇಲ್ತುದಿಯ ಬಲಮೂಲೆಯಲ್ಲಿ ಮೂರು ಚುಕ್ಕಿಗಳಿವೆ. ಅವನ್ನು ಒತ್ತಿ, `IMS Service Status` ಆರಿಸಿ. ಐದು ಸಾಲಿನ ಪುಟ್ಟ ಚೌಕವೊಂದು ಬರುತ್ತದೆ. ಎಲ್ಲ ಸರಿಯಿರುವ ಫೋನಿನಲ್ಲಿ, ವೈಫೈ ಆಫ್ ಮಾಡಿದಾಗ ಅದು ಹೀಗಿರುತ್ತದೆ:

```
IMS Registration: Registered
Voice over LTE: Available
Voice over WiFi: Unavailable
Video Calling: Available
UT Interface: Available
```

ಮೊದಲ ಸಾಲು ಅಂಚೆಯ ದಾಖಲೆ. `Registered` ಎಂದಿದ್ದರೆ ಹೆಸರು ಸೇರಿದೆ, `Not Registered` ಎಂದಿದ್ದರೆ ಇಲ್ಲ. ಎರಡನೆಯದು ಈ ಕ್ಷಣದಲ್ಲಿ ಟವರ್ ಮೂಲಕ ಧ್ವನಿ ಕರೆ ಸಾಧ್ಯವೇ ಎಂಬುದನ್ನು ಹೇಳುತ್ತದೆ. ಮೂರನೆಯದು ಅದನ್ನೇ ವೈಫೈ ಬಗ್ಗೆ ಹೇಳುತ್ತದೆ. ನಾಲ್ಕನೆಯದು ಕಂಪನಿಯ ವಿಡಿಯೊ ಕರೆಗೆ ಸಂಬಂಧಿಸಿದ್ದು. ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳ ವಿಡಿಯೊ ಕರೆಗೂ ಇದಕ್ಕೂ ಸಂಬಂಧವಿಲ್ಲ. ಐದನೆಯದು ಕರೆಯನ್ನು ಬೇರೆ ಸಂಖ್ಯೆಗೆ ತಿರುಗಿಸುವುದು, ಕರೆ ಕಾಯುವಿಕೆ ಮುಂತಾದ ಆಯ್ಕೆಗಳನ್ನು ಬದಲಿಸಲು ಬಳಕೆಯಾಗುವ ದಾರಿ. ಮಾತು ಬರುತ್ತಿಲ್ಲ ಎಂಬ ದೂರಿಗೆ ಕೊನೆಯ ಎರಡು ಸಾಲುಗಳನ್ನು ನೋಡಬೇಕಾಗಿಲ್ಲ.

ಮೊದಲ ಎರಡು ಸಾಲುಗಳನ್ನು ಒಟ್ಟಿಗೆ ಓದಬೇಕು. ಎರಡೂ ಸರಿಯಿದ್ದರೆ ನೋಂದಣಿಯಲ್ಲಿ ತೊಂದರೆ ಇಲ್ಲ, ಸಂಕೇತದ ಕಡೆ ಹುಡುಕಬೇಕು. ಮೊದಲನೆಯದೇ ಇಲ್ಲವೆಂದಾದರೆ ಕಾರಣ ಹಲವು ಇರಬಹುದು: ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಆಯ್ಕೆ ಆರಿದೆ, `ims` ಸಂಪರ್ಕದ ವಿವರ ಕೆಟ್ಟಿದೆ, ಈ ಕಂಪನಿಗೆ ಬೇಕಾದ ಹೊಂದಾಣಿಕೆ ಫೋನಿನಲ್ಲಿಲ್ಲ, ಇಲ್ಲವೇ ಕಂಪನಿಯೇ ಈ ಸಂಖ್ಯೆಗೆ ವೋಲ್ಟಿ ತೆರೆದುಕೊಟ್ಟಿಲ್ಲ.

ಮೊದಲನೆಯದು `Registered`, ಎರಡನೆಯದು `Unavailable` ಎಂದು ಬರುವುದೂ ಉಂಟು. ಇದನ್ನು ನೋಡಿ ಹಲವರು ಗೊಂದಲಕ್ಕೆ ಬೀಳುತ್ತಾರೆ. ಹೆಸರು ದಾಖಲೆಯಲ್ಲಿದೆ, ಆದರೆ ಈ ಸ್ಥಳದಲ್ಲಿ ಟವರ್ ಮೂಲಕ ಧ್ವನಿಯ ಸೇವೆ ಸಿಗುತ್ತಿಲ್ಲ ಎಂದು ಇದರ ಅರ್ಥ. ಮೊದಲು ಮೂರನೆಯ ಸಾಲು ನೋಡಿ. ಅಲ್ಲಿ `Available` ಎಂದಿದ್ದರೆ ಫೋನ್ ವೈಫೈ ಮೂಲಕ ಸೇರಿಕೊಂಡಿದೆ ಅಷ್ಟೆ, ಚಿಂತೆಯಿಲ್ಲ. ಅದೂ ಇಲ್ಲವೆಂದಾದರೆ ಫೋನ್ ಆ ಹೊತ್ತಿಗೆ 4ಜಿ ಬಿಟ್ಟು ಕೆಳಗಿಳಿದಿದೆಯೇ ಎಂದು ಅದೇ ಪುಟದ `Data Network Type` ಸಾಲಿನಲ್ಲಿ ನೋಡಿ.

5ಜಿ ಫೋನ್ ಇರುವವರಿಗೆ ಒಂದು ಮಾತು. ಮೇಲೆ 5ಜಿ ಎಂದಿದ್ದು, ಕರೆ ಮಾಡುವಾಗ 4ಜಿಗೆ ಇಳಿದರೆ ಅದು ದೋಷವಲ್ಲ. ಬಹಳ ಕಡೆ 5ಜಿಯನ್ನು 4ಜಿಯ ಆಸರೆಯ ಮೇಲೆಯೇ ಕಟ್ಟಲಾಗಿದೆ, ಧ್ವನಿ ವೋಲ್ಟಿಯಲ್ಲೇ ಹೋಗುತ್ತದೆ.

ಬ್ಯಾಂಡ್ ಮತ್ತು ಸಂಕೇತದ ಬಲ

ಬ್ಯಾಂಡ್ ಎಂದರೆ ಟವರ್ ಮತ್ತು ಫೋನ್ ಮಾತನಾಡಿಕೊಳ್ಳುವ ತರಂಗಾಂತರಗಳ ಒಂದು ಪಟ್ಟಿ. ಆಕಾಶವಾಣಿಯಲ್ಲಿ ಎಫ್‌ಎಂ, ಮಧ್ಯಮ ತರಂಗ ಎಂದು ಬೇರೆ ಬೇರೆ ಪಟ್ಟಿಗಳಿರುವಂತೆಯೇ ಇದು. ಇಲ್ಲಿ ತಿಳಿದಿರಬೇಕಾದ ಗುಣ ಒಂದೇ. ಡೊಳ್ಳು ಕುಣಿತ ದೂರದಲ್ಲಿ ನಡೆಯುತ್ತಿದ್ದರೆ ಬಾಗಿಲು ಹಾಕಿಕೊಂಡ ಮನೆಯೊಳಗೂ ಡೊಳ್ಳಿನ ದಪ್ಪ ಸದ್ದು ಕೇಳಿಸುತ್ತದೆ, ತಾಳದ ಸಣ್ಣ ಸದ್ದು ಕೇಳಿಸುವುದಿಲ್ಲ. ರೇಡಿಯೊ ತರಂಗವೂ ಸುಮಾರಾಗಿ ಹಾಗೆಯೇ. 700 ಅಥವಾ 850 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್ ದೂರ ಹೋಗುತ್ತದೆ, ಗೋಡೆಯನ್ನೂ ಅಷ್ಟಿಷ್ಟು ದಾಟುತ್ತದೆ. 1800ರದು ಮಧ್ಯಮ. 2300ರದು ಹೆಚ್ಚು ಡೇಟಾ ಹೊರುತ್ತದೆ, ಆದರೆ ಗೋಡೆ ಮತ್ತು ಮರಗಳ ಮುಂದೆ ಬೇಗ ಸೋಲುತ್ತದೆ.

`Phone information` ಪುಟವನ್ನು ಕೆಳಕ್ಕೆ ಸರಿಸಿದರೆ ಟವರಿನ ಕೋಶಗಳ ಪಟ್ಟಿ ಸಿಗುತ್ತದೆ. ಖಾಲಿ ಕಂಡರೆ `CellInfo Refresh Rate` ಎಂಬಲ್ಲಿ `Disabled` ಎಂದಿದೆಯೇ ನೋಡಿ, ಇದ್ದರೆ `Immediate` ಮಾಡಿ. ಪಟ್ಟಿಯ ತಲೆಬರಹ ಹೀಗಿರುತ್ತದೆ:

```
SRV MCC MNC TAC CID PCI EARFCN BW RSRP RSRQ TA
```

ಇಷ್ಟೊಂದು ಕಂಬಸಾಲುಗಳನ್ನು ಕಂಡು ಹೆದರಬೇಕಾಗಿಲ್ಲ, ಮೂರು ಸಾಕು. `PCI` ಎಂಬುದು ಟವರಿನ ಆ ದಿಕ್ಕಿನ ಕೋಶದ ಗುರುತಿನ ಸಂಖ್ಯೆ. ಫೋನ್ ಒಂದೇ ಕೋಶದಲ್ಲಿ ನಿಂತಿದೆಯೋ, ಎರಡರ ನಡುವೆ ಓಲಾಡುತ್ತಿದೆಯೋ ಎಂದು ಅದರಿಂದ ಗೊತ್ತಾಗುತ್ತದೆ. `RSRP` ಸಂಕೇತದ ಬಲ. `EARFCN` ತರಂಗಾಂತರದ ಕ್ರಮಸಂಖ್ಯೆ, ಬ್ಯಾಂಡ್ ಅಡಗಿರುವುದು ಅದರಲ್ಲಿ.

ಕ್ರಮಸಂಖ್ಯೆಯಿಂದ ಬ್ಯಾಂಡ್ ಹುಡುಕುವುದು ಸುಲಭ. ಪ್ರತಿ ಬ್ಯಾಂಡ್‌ಗೂ ಒಂದು ಅಂಕಿಗಳ ಸಾಲು ಮೀಸಲಾಗಿದೆ. ನಮ್ಮ ದೇಶದಲ್ಲಿ 4ಜಿಗೆ ಹೆಚ್ಚಾಗಿ ಕಾಣಸಿಗುವವು ಇವು:

```
0     - 599     Band 1   (2100 MHz)
1200  - 1949    Band 3   (1800 MHz)
2400  - 2649    Band 5   (850 MHz)
3450  - 3799    Band 8   (900 MHz)
9210  - 9659    Band 28  (700 MHz)
38650 - 39649   Band 40  (2300 MHz)
```

ಉದಾಹರಣೆಗೆ ಪುಟದಲ್ಲಿ 1350 ಎಂದು ಕಂಡರೆ ಅದು 1200 ಮತ್ತು 1949ರ ನಡುವೆ ಬರುತ್ತದೆ, ಅಂದರೆ ಬ್ಯಾಂಡ್ 3. ನಿಖರವಾದ ತರಂಗಾಂತರವೇ ಬೇಕಿದ್ದರೆ ಲೆಕ್ಕವೂ ಉಂಟು. ಬ್ಯಾಂಡ್ 3ರಲ್ಲಿ ಟವರಿನಿಂದ ಫೋನಿಗೆ ಬರುವ ತರಂಗಗಳು 1805 ಮೆಗಾಹರ್ಟ್ಸ್‌ನಿಂದ ಆರಂಭವಾಗುತ್ತವೆ, ಕ್ರಮಸಂಖ್ಯೆಯ ಒಂದೊಂದು ಹೆಜ್ಜೆಗೂ 0.1 ಮೆಗಾಹರ್ಟ್ಸ್:

```
1805 + 0.1 × (1350 − 1200) = 1820 MHz
```

ಸಂಕೇತದ ಬಲ ಋಣ ಸಂಖ್ಯೆಯಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. −90ರ ಆಸುಪಾಸು ಚೆನ್ನಾಗಿದೆ ಎನ್ನಬಹುದು. −110 ದಾಟಿದರೆ ದುರ್ಬಲ, −120ರ ಹತ್ತಿರ ಕರೆ ನಿಲ್ಲುವುದೇ ಕಷ್ಟ. ಈ ಅಳತೆಗೋಲಿನಲ್ಲಿ ಹತ್ತು ಇಳಿದರೆ ಬಲ ಹತ್ತನೆಯ ಒಂದು ಪಾಲಿಗೆ ಬೀಳುತ್ತದೆ. −97 ಮತ್ತು −117 ನೋಡಲು ಹತ್ತಿರದ ಸಂಖ್ಯೆಗಳು, ಆದರೆ ಎರಡನೆಯದು ಮೊದಲನೆಯದರ ನೂರನೆಯ ಒಂದು ಪಾಲು ಮಾತ್ರ. ಪುಟದ ಮೇಲ್ಭಾಗದಲ್ಲಿ ಇದೇ ಸಂಖ್ಯೆಯ ಪಕ್ಕ `asu` ಎಂಬ ಇನ್ನೊಂದು ಅಂಕಿ ಇರುತ್ತದೆ. 4ಜಿಯಲ್ಲಿ ಅದು ಬಲದ ಸಂಖ್ಯೆಗೆ 140 ಕೂಡಿಸಿದ್ದು ಅಷ್ಟೇ, ಹೊಸ ವಿಷಯವೇನೂ ಅದರಲ್ಲಿಲ್ಲ.

ಬ್ಯಾಂಡ್ ತಿಳಿದರೆ ಇನ್ನೊಂದು ಪ್ರಯೋಜನವಿದೆ. 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಣೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ ಬಳಸುವ ಬ್ಯಾಂಡ್‌ಗಳಲ್ಲಿ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಕೂಡ ಒಂದು. ಅದರ ಟವರ್ ಉಪಕರಣ ಮಾಡಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಹಲವು ಹಳೆಯ 4ಜಿ ಫೋನ್‌ಗಳಿಗೆ ಬ್ಯಾಂಡ್ 28 ಹಿಡಿಯುವ ಶಕ್ತಿಯೇ ಇಲ್ಲ. ಪಕ್ಕದವರ ಫೋನಿನಲ್ಲಿ 9210 ಮತ್ತು 9659ರ ನಡುವಿನ ಕ್ರಮಸಂಖ್ಯೆ ಕಾಣುತ್ತಿದ್ದು, ಅದೇ ಜಾಗದಲ್ಲಿ ನಿಮ್ಮ ಫೋನ್ 4ಜಿಯನ್ನೇ ತೋರಿಸದಿದ್ದರೆ ಸಿಮ್ ಬದಲಿಸಿ ಫಲವಿಲ್ಲ. ಫೋನಿನ ವಿವರಪಟ್ಟಿಯಲ್ಲಿ ಬ್ಯಾಂಡ್ 28 ಇದೆಯೇ ಎಂದು ಮೊದಲು ನೋಡಿ.

ಒಂದೇ ಮನೆ, ಎರಡು ದೋಷ

ಈಗ ಅತ್ತೆಯ ಜಗುಲಿಗೆ ಮರಳೋಣ. ಅತ್ತೆ ಮತ್ತು ಮಾವ ಇಬ್ಬರದೂ ಒಂದೇ ಕಂಪನಿಯ ಸಿಮ್. ಮಾವ ಹೇಳಿದ್ದು: “ನನ್ನದು ಇಲ್ಲಿ ಸರಿ ಬರುತ್ತದೆ. ಒಳಗೆ ಹೋದರೆ ಕಡಿದು ಹೋಗುತ್ತದೆ.” ಅತ್ತೆಯದು ಹೊರಗೂ ಇಲ್ಲ, ಒಳಗೂ ಇಲ್ಲ. ಮನೆಯವರೆಲ್ಲ ಇದನ್ನು ‘ನಮ್ಮಲ್ಲಿ ನೆಟ್‌ವರ್ಕ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದರು.

ವೈಫೈ ಆಫ್ ಮಾಡಿ ಎರಡೂ ಫೋನ್‌ಗಳನ್ನು ಜಗುಲಿಯ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟೆ. ಎರಡರಲ್ಲೂ ಕ್ರಮಸಂಖ್ಯೆ 1350, `PCI` ಒಂದೇ. ಬಲ ಮಾವನದರಲ್ಲಿ −96, ಅತ್ತೆಯದರಲ್ಲಿ −97. ಅಂದರೆ ಎರಡೂ ಫೋನ್ ಒಂದೇ ಟವರಿನ ಒಂದೇ ಕೋಶವನ್ನು, ಒಂದೇ ಬ್ಯಾಂಡ್‌ನಲ್ಲಿ, ಸಮನಾದ ಬಲದಲ್ಲಿ ಹಿಡಿದಿದ್ದವು. ಸಂಕೇತ ಕಾರಣವಾಗಿದ್ದರೆ ಎರಡೂ ಕೆಡಬೇಕಿತ್ತು.

ಆಮೇಲೆ ಐಎಂಎಸ್ ಚೌಕ ತೆರೆದೆ. ಮಾವನದರಲ್ಲಿ `Registered`. ಅತ್ತೆಯದರಲ್ಲಿ `Not Registered`. ಅತ್ತೆಯ ಫೋನಿನಿಂದ ನನಗೆ ಕರೆ ಮಾಡಿಸಿದೆ. ಪುಟದಲ್ಲಿ `Voice Network Type` ಎಂಬಲ್ಲಿ `LTE` ಹೋಗಿ `EDGE` ಬಂತು, ಕರೆ ಹತ್ತು ಸೆಕೆಂಡಿನ ಮೇಲೆ ಹಿಡಿದು ಹೇಗೋ ತಲುಪಿತು. ಎರಡನೆಯ ಬಾರಿ ತಲುಪಲೇ ಇಲ್ಲ. ಆ ಊರಿನಲ್ಲಿ 2ಜಿ ಸಂಕೇತ ಬಹಳ ಕ್ಷೀಣ. 4ಜಿಯಿಂದ ಇಳಿದ ಫೋನಿಗೆ ಕೆಳಗೆ ಕಾಲೂರಲು ನೆಲ ಸಿಗುತ್ತಿರಲಿಲ್ಲ. ಮಗಳಿಗೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದು ಕೇಳಿಸುತ್ತಿದ್ದುದು ಇದರಿಂದಲೇ.

ಇನ್ನು ತಿಳಿಯಬೇಕಾದದ್ದು ದೋಷ ಸಿಮ್‌ನದೋ ಫೋನಿನದೋ ಎಂಬುದು. ಅದಕ್ಕೆ ಅದಲು ಬದಲಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅತ್ತೆಯ ಸಿಮ್ಮನ್ನು ಮಾವನ ಫೋನಿಗೆ ಹಾಕಿದೆ. ಒಂದು ನಿಮಿಷದೊಳಗೆ `Registered` ಎಂದು ಬಂತು. ಕಂಪನಿ ಆ ಸಂಖ್ಯೆಗೆ ವೋಲ್ಟಿ ಕೊಟ್ಟಿದೆ, ಸಿಮ್‌ನ ಕೀಲಿ ಸರಿಯಾಗಿದೆ, ಟವರ್ ಚೆನ್ನಾಗಿದೆ. ಉಳಿದದ್ದು ಅತ್ತೆಯ ಫೋನ್ ಒಂದೇ.

ಅದರಲ್ಲಿ ವೋಲ್ಟಿ ಆಯ್ಕೆ ಹಾಕಿಯೇ ಇತ್ತು. ಮುಂದೆ `Access Point Names` ಪಟ್ಟಿ ತೆರೆದೆ. ಮಾವನ ಫೋನಿನ ಪಟ್ಟಿಯಲ್ಲಿ ಇಂಟರ್‌ನೆಟ್‌ಗೆ ಒಂದು, `ims` ಎಂದು ಇನ್ನೊಂದು ಇದ್ದವು. ಅತ್ತೆಯದರಲ್ಲಿ ಕೈಯಿಂದ ಬರೆದ ಒಂದೇ ಒಂದು ಸಾಲು. ಹಿಂದೊಮ್ಮೆ ಇಂಟರ್‌ನೆಟ್ ಬರುತ್ತಿಲ್ಲವೆಂದು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟಿದ್ದರಂತೆ. ಅಲ್ಲಿ ಹಳೆಯದನ್ನೆಲ್ಲ ಅಳಿಸಿ ಹೊಸದನ್ನು ಬರೆದುಕೊಟ್ಟಿದ್ದರು. ಇಂಟರ್‌ನೆಟ್ ಬಂತು, ಮಾತಿನ ದಾರಿ ಮುಚ್ಚಿತು. ಮೇಲಿನ ಮೂರು ಚುಕ್ಕಿಯಿಂದ `Reset to default` ಒತ್ತಿ ಫೋನನ್ನು ಆರಿಸಿ ಹೊತ್ತಿಸಿದೆ. `ims` ಸಾಲು ಪಟ್ಟಿಗೆ ಮರಳಿತು, ಐಎಂಎಸ್ ಚೌಕದಲ್ಲಿ `Registered` ಎಂದಾಯಿತು. ಈ ಸಾಲು ಎಲ್ಲ ಫೋನ್‌ಗಳ ಪಟ್ಟಿಯಲ್ಲೂ ಕಣ್ಣಿಗೆ ಬೀಳುವುದಿಲ್ಲ, ಕೆಲವು ತಯಾರಕರು ಅದನ್ನು ಮರೆಮಾಡಿರುತ್ತಾರೆ. ಅಂಥ ಕಡೆಯೂ ಮರುಹೊಂದಿಸುವ ಆಯ್ಕೆ ಮಾಡಿ ನೋಡಬಹುದು.

ಮಾವನ ದೂರು ಬೇರೆ ಜಾತಿಯದು. ಅವರ ಫೋನ್ ಹಿಡಿದು ಜಗುಲಿಯಿಂದ ನಡುಮನೆಗೆ, ಅಲ್ಲಿಂದ ಅಡುಗೆಮನೆಗೆ ನಡೆದೆ. ಕ್ರಮಸಂಖ್ಯೆ ಬದಲಾಗಲಿಲ್ಲ, ಬಲ −96ರಿಂದ −108ಕ್ಕೆ, ಅಡುಗೆಮನೆಯಲ್ಲಿ −118ಕ್ಕೆ ಇಳಿಯಿತು. ಹಳೆಯ ಮನೆ, ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ. 1800ರ ತರಂಗ ಎರಡು ಗೋಡೆ ದಾಟುವಷ್ಟರಲ್ಲಿ ನೂರನೆಯ ಒಂದು ಪಾಲಿಗಿಂತ ಕಡಿಮೆಯಾಗಿತ್ತು. ಅಲ್ಲಿ ನಿಂತು ನೋಡುತ್ತಿದ್ದಂತೆ ಫೋನ್ 4ಜಿ ಬಿಟ್ಟಿತು, ಐಎಂಎಸ್ ಚೌಕದಲ್ಲಿ `Voice over LTE: Unavailable` ಎಂದು ಬಂತು. ನೋಂದಣಿಯ ದೋಷವಲ್ಲ, ಗೋಡೆಯ ದೋಷ. ಪಟ್ಟಿಯಲ್ಲಿ ಕೆಳಗಿನ ಬ್ಯಾಂಡ್‌ನ ಕೋಶ ಒಂದಾದರೂ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ಫೋನ್ ಅದಕ್ಕೆ ಜಾರಿಕೊಳ್ಳುತ್ತಿತ್ತು.

ಮನೆಗೆ ಫೈಬರ್ ಇಂಟರ್‌ನೆಟ್ ಇತ್ತು. ಮಾವನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕರೆಯ ಆಯ್ಕೆ ಹಾಕಿ, ಅಡುಗೆಮನೆಯಲ್ಲೇ ನಿಂತು ವೈಫೈ ಹೊತ್ತಿಸಿದೆ. ಮೂರನೆಯ ಸಾಲು `Available` ಆಯಿತು. ಆ ಮೇಲೆ ಅಲ್ಲಿಂದಲೇ ಬೆಂಗಳೂರಿಗೆ ಮಾಡಿದ ಕರೆ ಕಡಿಯಲಿಲ್ಲ. ವಿದ್ಯುತ್ ಹೋದರೆ ಈ ದಾರಿಯೂ ಹೋಗುತ್ತದೆ ಎಂಬುದನ್ನು ಮಾವನಿಗೆ ಹೇಳಿದ್ದೇನೆ. ಆಗ ಮತ್ತೆ ಜಗುಲಿಯೇ ಗತಿ.

ಮುಟ್ಟಬಾರದ ಗುಂಡಿಗಳು, ಮೆನು ಹೇಳದ ವಿಷಯಗಳು

ಇದೇ ಪುಟದಲ್ಲಿ `Set Preferred Network Type` ಎಂಬ ಆಯ್ಕೆ ಇದೆ. ಅಲ್ಲಿ `LTE only` ಮಾಡಿದರೆ ಇಂಟರ್‌ನೆಟ್ ವೇಗವಾಗುತ್ತದೆ ಎಂಬ ಸಲಹೆ ಬಹಳ ಕಡೆ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ. ಅತ್ತೆಯ ಫೋನಿನಂತೆ ಐಎಂಎಸ್ ನೋಂದಣಿ ಇಲ್ಲದ ಫೋನಿನಲ್ಲಿ ಹಾಗೆ ಮಾಡಿದರೆ ಇದ್ದೊಂದು 2ಜಿ ಮೆಟ್ಟಿಲನ್ನೂ ಕಿತ್ತುಹಾಕಿದಂತೆ. ಆಮೇಲೆ ಕರೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. 112ಕ್ಕೆ ಕರೆ ಮಾಡಬೇಕಾದ ಹೊತ್ತಿನಲ್ಲೂ ಇದು ಅಡ್ಡ ಬರಬಹುದು. `Mobile Radio Power` ಮತ್ತು `VoLTE Provisioned` ಎಂಬ ಗುಂಡಿಗಳನ್ನೂ ಇದ್ದಂತೆಯೇ ಬಿಡಿ.

ಪುಟದ ಚಿತ್ರ ತೆಗೆದು ಗುಂಪುಗಳಲ್ಲಿ ಹಂಚುವ ಮೊದಲು ಒಮ್ಮೆ ನೋಡಿ. ಐಎಂಇಐ ಮತ್ತು ನಿಮ್ಮ ಸಂಖ್ಯೆ ಅದರಲ್ಲೇ ಇರುತ್ತವೆ. `TAC` ಮತ್ತು `CID` ಕಂಬಸಾಲುಗಳಿಂದ ನೀವು ಯಾವ ಟವರಿನ ಕೆಳಗಿದ್ದೀರಿ ಎಂದು ಕಂಡುಹಿಡಿಯಬಹುದು. ಅವನ್ನು ಅಳಿಸಿ ಕಳಿಸಿ.

ನೋಂದಣಿ ಆಗಿಲ್ಲ ಎಂದು ಮೆನು ಹೇಳುತ್ತದೆ, ಏಕೆ ಆಗಿಲ್ಲ ಎಂದು ಹೇಳುವುದಿಲ್ಲ. ಐಎಂಎಸ್ ನಿರಾಕರಿಸಿತೇ, ಉತ್ತರವನ್ನೇ ಕೊಡಲಿಲ್ಲವೇ, ಫೋನ್ ಕೋರಿಕೆಯನ್ನೇ ಕಳಿಸಲಿಲ್ಲವೇ ಎಂಬುದು ಕಂಪನಿಯ ದಾಖಲೆಯಲ್ಲೋ, ಫೋನಿನ ಒಳಗಿನ ಲಾಗ್‌ನಲ್ಲೋ ಮಾತ್ರ ಸಿಗುತ್ತದೆ. ಪುಟದಲ್ಲಿ ಕಾಣುವುದು ಆ ಕ್ಷಣದ ಸ್ಥಿತಿ ಎಂಬುದೂ ನೆನಪಿರಲಿ. ದಿನಕ್ಕೊಮ್ಮೆ ಬಂದು ಹೋಗುವ ದೋಷವಾದರೆ, ಅದು ಕಾಣಿಸಿಕೊಂಡ ಹೊತ್ತಿಗೇ ಪುಟ ತೆರೆಯಬೇಕು.

ಅದಲು ಬದಲು ಮಾಡಿದಾಗ ಸಿಮ್ ಯಾವ ಫೋನಿಗೆ ಹೋದರೂ `Not Registered` ಎಂದೇ ಬಂದರೆ, ಮನೆಯಲ್ಲಿ ಮಾಡಬಹುದಾದ ಕೆಲಸ ಅಲ್ಲಿಗೆ ಮುಗಿಯಿತು. ಆಗ ಕಂಪನಿಗೆ ದೂರು ಕೊಡುವಾಗ ‘ನೆಟ್‌ವರ್ಕ್ ಇಲ್ಲ’ ಎನ್ನಬೇಡಿ. ಸಂಕೇತ ಪರೀಕ್ಷಿಸಿ ‘ಚೆನ್ನಾಗಿದೆ’ ಎಂದು ದೂರನ್ನು ಮುಗಿಸಿಬಿಡುತ್ತಾರೆ. ಬದಲಿಗೆ ಹೀಗೆ ಹೇಳಿ: ಇಂಥ ದಿನ, ಇಷ್ಟು ಗಂಟೆಗೆ, ಇಂಥ ಊರಿನಲ್ಲಿ ಬ್ಯಾಂಡ್ 3ರಲ್ಲಿ ಬಲ −97 ಇತ್ತು, ಇಂಟರ್‌ನೆಟ್ ಓಡುತ್ತಿತ್ತು, ಐಎಂಎಸ್ ನೋಂದಣಿ ಆಗಲಿಲ್ಲ, ಎರಡು ಫೋನಿನಲ್ಲಿ ಹಾಕಿ ನೋಡಿದ್ದೇನೆ, ಈ ಸಂಖ್ಯೆಗೆ ವೋಲ್ಟಿ ತೆರೆದಿದೆಯೇ ಪರಿಶೀಲಿಸಿ.